ಆರಾರು ಹೆಸರಿನ ಪಟ್ಟಿ

ನನ್ನ ಅಕ್ಷರ ದುಂಡಗಿತ್ತು ಎಂಬ ಒಂದೇ ಕಾರಣಕ್ಕೆ 2008ರಲ್ಲಿ ನಮ್ಮ ಸಮಾಜದ ಮೇಷ್ಟ್ರು ನನ್ನನ್ನು ಆಟದ ಪೀರಿಯಡ್‌ನಿಂದ ಎಬ್ಬಿಸಿ ಸ್ಟಾಫ್ ರೂಮಿಗೆ ಕರೆದುಕೊಂಡು ಹೋದರು. ವಿದ್ಯಾರಣ್ಯಪುರದ ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನವರು ಡಿಸೆಂಬರಿನಲ್ಲಿ ಹಂಪಿಗೆ ಹೋಗುವುದೆಂದು ಗೊತ್ತಾಗಿತ್ತು. ಬಡಾವಣೆಗೆ ಯಾರ ಹೆಸರಿದೆಯೋ ಆ ಯತಿಗಳ ಮಠ ಹಂಪಿಯಲ್ಲಿದೆ, ನೋಡದಿದ್ದರೆ ನಾಚಿಕೆಗೇಡು ಎಂಬುದು ಮೇಷ್ಟ್ರ ವಾದ. ಬಸ್ಸು ಬೇಡ, ಘಾಟಿಯಲ್ಲದ ದಾರಿಯಲ್ಲೂ ಅರ್ಧ ಕ್ಲಾಸು ವಾಂತಿ ಮಾಡುತ್ತದೆ ಎಂದೂ ಅವರೇ ತೀರ್ಮಾನಿಸಿದ್ದರು. ಹಾಗಾಗಿ ರೈಲು, ಹಾಗಾಗಿ ರೈಲ್ವೆಗೆ ಒಂದು ಪತ್ರ.

ಪತ್ರ ಏಕೆ ಬೇಕು ಎಂದು ನನಗೆ ಹೊಳೆದಿರಲಿಲ್ಲ. ಕೌಂಟರಿಗೆ ಹೋಗಿ ಟಿಕೆಟ್ ಕೊಂಡರೆ ಆಯಿತಲ್ಲ ಎಂದೆ. ಮೇಷ್ಟ್ರು ರಿಸರ್ವೇಷನ್ ಫಾರಂ ಒಂದನ್ನು ಮುಂದೆ ಇಟ್ಟು, ಗೆರೆಗಳನ್ನು ಎಣಿಸು ಎಂದರು. ಆರು. ಒಂದು ಫಾರಂಗೆ ಆರೇ ಜನ, ಕಂಪ್ಯೂಟರು ಕೊಡುವ ಒಂದು ಪಿಎನ್‌ಆರ್‌ಗೂ ಅಷ್ಟೇ. ನಾವು ಮಕ್ಕಳು ನಲವತ್ತಾರು, ಶಿಕ್ಷಕರು ನಾಲ್ವರು. ಐವತ್ತು ಜನಕ್ಕೆ ಕನಿಷ್ಠ ಒಂಬತ್ತು ಫಾರಂ. ಸಾಲಿನಲ್ಲಿ ನಿಂತ ಒಬ್ಬ ಮನುಷ್ಯ ಒಂಬತ್ತು ಫಾರಂ ಚಾಚಿದರೆ ಕೌಂಟರಿನವರು ದಲ್ಲಾಳಿ ಎಂದೇ ತಿಳಿಯುತ್ತಾರೆ. ಅದಕ್ಕೇ ಸಿಟಿ ಸ್ಟೇಷನ್ ಪಕ್ಕದ ವಿಭಾಗೀಯ ಕಚೇರಿಯಲ್ಲಿ, ವಾಣಿಜ್ಯ ವಿಭಾಗದ ಅಧಿಕಾರಿಗಳಿಗೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಬರೆದು ಅನುಮತಿ ಪಡೆಯಬೇಕು.

ಪತ್ರ ಒಂದೇ ಪುಟ. ಯಾವ ರೈಲು, ಯಾವ ತಾರೀಕು, ಎಲ್ಲಿಂದ ಎಲ್ಲಿಗೆ, ಯಾವ ದರ್ಜೆ, ಹುಡುಗರೆಷ್ಟು ಹುಡುಗಿಯರೆಷ್ಟು, ಯಾತಕ್ಕೆ ಹೋಗುತ್ತಿದ್ದೇವೆ, ಹಿಂತಿರುಗುವುದು ಯಾವತ್ತು. ಕೆಳಗೆ ಹೆಡ್‌ಮಿಸ್ ಸಹಿ, ದುಂಡು ಸೀಲು. ಬೆವರು ಹರಿಸಿದ್ದು ಅದರ ಹಿಂದೆ ಲಗತ್ತಿಸುವ ಪಟ್ಟಿ. ನಾನು ಹಾಜರಿ ಪುಸ್ತಕ ನೋಡಿಕೊಂಡು, ರೋಲ್ ನಂಬರಿನ ಪ್ರಕಾರ ನಲವತ್ತಾರೂ ಹೆಸರು, ವಯಸ್ಸು ಬರೆದುಕೊಟ್ಟೆ. ಮೇಷ್ಟ್ರು ಮೇಲಿನಿಂದ ಕೆಳಗೆ ನೋಡಿ, "ಅಕ್ಷರ ಮುತ್ತು ಕಣಯ್ಯಾ, ಪಟ್ಟಿ ಮಾತ್ರ ದಂಡ" ಎಂದು ಪಕ್ಕಕ್ಕಿಟ್ಟರು.

ಆಮೇಲೆ ಹಾಳೆಯ ಹಿಂಬದಿಯಲ್ಲಿ ಸ್ಲೀಪರ್ ಬೋಗಿಯ ಚಿತ್ರ ಬರೆದರು. ಒಂದೊಂದು ಅಂಕಣಕ್ಕೆ ಎಂಟು ಬರ್ತು, ಅಂಥ ಒಂಬತ್ತು ಅಂಕಣ, ಒಟ್ಟು ಎಪ್ಪತ್ತೆರಡು. ಫಾರಂಗಳು ಯಾವ ಕ್ರಮದಲ್ಲಿ ಕಂಪ್ಯೂಟರಿಗೆ ಹೋಗುತ್ತವೋ ಬರ್ತುಗಳು ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಬೀಳುತ್ತವೆ. ರೋಲ್ ನಂಬರ್ ಹಿಡಿದರೆ ಐದು ಹುಡುಗರ ನಡುವೆ ಒಬ್ಬ ಹುಡುಗಿ ಬರುತ್ತಾಳೆ, ಅವಳಪ್ಪ ಸ್ಟೇಷನ್‌ನಲ್ಲೇ ಅವಳನ್ನು ಇಳಿಸಿಕೊಂಡು ಹೋಗುತ್ತಾರೆ. ಆದ್ದರಿಂದ ಮೊದಲು ಹುಡುಗಿಯರು, ಆರಾರು ಜನರಂತೆ, ಜಗಳವಾಡದವರನ್ನು ಒಟ್ಟಿಗೆ ಹಾಕಿ. ಅವರ ಬೆನ್ನಿಗೆ ಹುಡುಗರು. ಶಿಕ್ಷಕರದು ಬೇರೆ ಫಾರಂ, ಏಕೆಂದರೆ ವಿದ್ಯಾರ್ಥಿ ರಿಯಾಯಿತಿ ಅವರಿಗೆ ಸಲ್ಲದು. ಯಾರ ಜೊತೆ ಯಾರು ಮಾತುಬಿಟ್ಟಿದ್ದಾರೆ ಎಂದು ಮೇಷ್ಟ್ರು ನನ್ನನ್ನೇ ಕೇಳಿದರು. ನಾನು ಚಾಡಿ ಹೇಳಿದ್ದು ರೈಲ್ವೆಯ ಕಡತದಲ್ಲಿ ಸೇರಿತು.

ಪಟ್ಟಿಯಲ್ಲಿ ಒಂದು ಕಾಲಂ ಮಾತ್ರ ನನ್ನ ಕೈಗೆ ಬರಲಿಲ್ಲ. ಶೈಕ್ಷಣಿಕ ಪ್ರವಾಸಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ಸ್ಲೀಪರ್ ದರ್ಜೆಯ ಮೂಲ ದರದಲ್ಲಿ ಶೇಕಡಾ 50 ರಿಯಾಯಿತಿ ಇತ್ತು, ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇಕಡಾ 75. ಯಾರು ಯಾವುದಕ್ಕೆ ಎಂದು ಪ್ರಮಾಣಪತ್ರದಲ್ಲಿ ತೋರಿಸಲೇಬೇಕು. ಆ ಹಾಳೆಯನ್ನು ಮೇಷ್ಟ್ರು ಮನೆಗೆ ಒಯ್ದು ತಾವೇ ಬರೆದು, ಮರುದಿನ ಮಡಿಸಿದ ಲಕೋಟೆಯಲ್ಲಿ ತಂದರು. ಇದರಿಂದ ಫಾರಂಗಳು ಹನ್ನೊಂದಾದವು, ಆರರ ಲೆಕ್ಕ ಅಲ್ಲಲ್ಲಿ ಮುರಿಯಿತು. ಕ್ಲಾಸಿನಲ್ಲಿ ಮಾತ್ರ ಎಲ್ಲರಿಂದಲೂ ಒಂದೇ ಮೊತ್ತ ವಸೂಲು ಮಾಡಿ, ಉಳಿಕೆಯನ್ನು ಆಯಾ ಮನೆಯವರಿಗೆ ಸದ್ದಿಲ್ಲದೆ ಹಿಂತಿರುಗಿಸಿದರಂತೆ. ನನಗಿದು ತಿಳಿದದ್ದು ಹತ್ತು ವರ್ಷ ಕಳೆದ ಮೇಲೆ, ಹಾಗೆ ಹಣ ಮರಳಿ ಬಂದಿದ್ದ ಗೆಳೆಯನ ಬಾಯಲ್ಲಿ.

ಶನಿವಾರ ಮಧ್ಯಾಹ್ನ ಮೆಜೆಸ್ಟಿಕ್ ಬಸ್ಸು ಹತ್ತಿ ಇಬ್ಬರೂ ಹೋದೆವು. ಅಲ್ಲಿ ಪತ್ರ ಓದಿದ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಸಾರ್, ನೀವು ಹಂಪಿಗೆ ಹೋಗ್ತಿದೀರೋ ಹಂಪಿಯಿಂದ ಬರ್ತಿದೀರೋ?" ಎಂದರು. ಹಂಪಿ ಎಕ್ಸ್‌ಪ್ರೆಸ್ ಹುಬ್ಬಳ್ಳಿಗೆ ಹೋಗುವಾಗ 6592, ಬರುವಾಗ 6591. ಐದಂಕಿಯ ಸಂಖ್ಯೆ ಇನ್ನೂ ಬಂದಿರದ ಕಾಲ. ಮೇಷ್ಟ್ರು ಎರಡನ್ನೂ ಅದಲುಬದಲು ಬರೆದಿದ್ದರು. ಹೊಡೆದು ತಿದ್ದಿದರೆ ನಡೆಯದು, ಪಕ್ಕದಲ್ಲಿ ಹೆಡ್‌ಮಿಸ್ ಸಹಿ ಬೇಕು. ಸೋಮವಾರ ಮತ್ತೆ ಅದೇ ಬಸ್ಸು.

ಎರಡನೇ ಸಲ ಅದೇ ಗುಮಾಸ್ತರು ಒಳ್ಳೆಯ ಪ್ರಶ್ನೆ ಕೇಳಿದರು. ವಿದ್ಯಾರಣ್ಯಪುರದವರು ಯಲಹಂಕದಲ್ಲಿ ಹತ್ತಬಾರದೇಕೆ, ಹತ್ತಿರವಲ್ಲವೇ? ಮೇಷ್ಟ್ರು ತಲೆಯಾಡಿಸಿದರು. ಯಲಹಂಕದಲ್ಲಿ ಗಾಡಿ ಒಂದೆರಡು ನಿಮಿಷ ನಿಲ್ಲುತ್ತದೆ, ಅಷ್ಟರಲ್ಲಿ ಐವತ್ತು ಜನ, ಐವತ್ತು ಬ್ಯಾಗು, ಚಪಾತಿ ಡಬ್ಬಿಗಳು ಏರುವುದುಂಟೇ? ಸಿಟಿಯಲ್ಲಾದರೆ ತುಂಬ ಹೊತ್ತು ನಿಂತಿರುತ್ತದೆ. ಬರುವಾಗ ಮಾತ್ರ ಬೆಂಗಳೂರಿನ ಟಿಕೆಟ್ಟಿನಲ್ಲೇ ಯಲಹಂಕದಲ್ಲಿ ಇಳಿದುಬಿಡುತ್ತೇವೆ, ರಾಜಾನುಕುಂಟೆ ದಾಟಿದೊಡನೆ ಎಲ್ಲರನ್ನೂ ಬಾಗಿಲ ಬಳಿ ನಿಲ್ಲಿಸಿದರಾಯಿತು.

ಟಿಕೆಟ್ ಬಂತು, ಎಲ್ಲವೂ ಕನ್ಫರ್ಮ್. ನಾಲ್ಕು ಹುಡುಗರದ್ದು ಬೇರೆ ಬೋಗಿ, ಅವರ ಕಾವಲಿಗೆ ಡ್ರಿಲ್ ಮೇಷ್ಟ್ರು. ಹೊರಡಲು ನಾಲ್ಕು ದಿನ ಇದ್ದಾಗ ಕೊಡಿಗೇಹಳ್ಳಿ ಕಡೆಯಿಂದ ಬರುತ್ತಿದ್ದ ಹುಡುಗಿಗೆ ಸೀತಾಳೆ ಸಿಡುಬು. ರೈಲು ಟಿಕೆಟ್ಟು ಕಂಡವರ ಹೆಸರಿಗೆ ವರ್ಗವಾಗುವುದಿಲ್ಲ. ಆದರೆ ಶಾಲೆಗಳಿಗೆ ಒಂದು ವಿನಾಯಿತಿ ಉಂಟು: ಮುಖ್ಯೋಪಾಧ್ಯಾಯರು ಗಾಡಿ ಹೊರಡುವ 48 ಗಂಟೆ ಮೊದಲು ಬರೆದುಕೊಟ್ಟರೆ, ಅದೇ ಶಾಲೆಯ ಇನ್ನೊಬ್ಬ ವಿದ್ಯಾರ್ಥಿಯ ಹೆಸರಿಗೆ ಬದಲಿಸುತ್ತಾರೆ. ಒಮ್ಮೆ ಮಾತ್ರ, ಗುಂಪಿನ ಹತ್ತನೇ ಒಂದು ಭಾಗಕ್ಕೆ ಮೀರದಂತೆ. ನಮ್ಮ ಲೆಕ್ಕಕ್ಕೆ ನಾಲ್ವರವರೆಗೆ ಅವಕಾಶ. ಮತ್ತೊಂದು ಪತ್ರ, ಮತ್ತೊಂದು ಸೀಲು, ಮತ್ತೆ ಮೆಜೆಸ್ಟಿಕ್. ದುಡ್ಡು ಹೊಂದಿಸಲಾಗದೆ ಮೊದಲು ಹೆಸರು ಕೊಟ್ಟಿರದ ಬಿ ಸೆಕ್ಷನ್ ಹುಡುಗನೊಬ್ಬ ಆ ಜಾಗಕ್ಕೆ ಬಂದ. ಅವನ ಹಣ ಯಾರು ಕಟ್ಟಿದರೆಂದು ನಾವು ಕೇಳಲಿಲ್ಲ. ಹುಡುಗಿಯರ ಅಂಕಣದ ಮೇಲಿನ ಬರ್ತು ಅವನ ಪಾಲಾಯಿತು. ಕೊನೆಗೆ ಲೇಡಿ ಟೀಚರೊಬ್ಬರು ಅಲ್ಲಿಗೆ ಹೋಗಿ, ಅವನನ್ನು ತಮ್ಮ ಬರ್ತಿಗೆ ಕಳಿಸಿದರು.

ವಿರೂಪಾಕ್ಷ, ವಿಠ್ಠಲ, ಕಮಲ ಮಹಲು ಎಲ್ಲ ನೋಡಿದೆವು. ಅದನ್ನು ನೋಡದವರು ಯಾರು, ಬರೆಯದವರು ಯಾರು. ನನಗೆ ಚೆನ್ನಾಗಿ ನೆನಪಿರುವುದು ಹಿಂತಿರುಗಿದ ನಸುಕು. ರಾಜಾನುಕುಂಟೆಯಿಂದಲೇ ಬ್ಯಾಗು ಹೆಗಲಿಗೇರಿಸಿ ಓಲಾಡುತ್ತ ನಿಂತಿದ್ದೆವು. ಯಲಹಂಕ ಬಂತು, ಧೊಪಧೊಪ ಇಳಿದೆವು, ಗಾಡಿ ಹೊರಟೇಹೋಯಿತು. ಚಳಿಯಲ್ಲಿ ಮಂಕಿ ಟೋಪಿ ಹಾಕಿಕೊಂಡ ಅಪ್ಪಂದಿರು ಬೇಲಿಯಾಚೆ ಸ್ಕೂಟರ್ ಸಾಲಿಟ್ಟಿದ್ದರು. ಮೇಷ್ಟ್ರು ಯಾರನ್ನೂ ಬಿಡಲಿಲ್ಲ. ಜೇಬಿನಿಂದ ಪಟ್ಟಿಯ ಕಾರ್ಬನ್ ಪ್ರತಿ ತೆಗೆದು, ಟಾರ್ಚ್ ಬೆಳಕಿನಲ್ಲಿ ನನ್ನ ದುಂಡಕ್ಷರ ಓದುತ್ತ ಹೋದರು. ಪಟ್ಟಿ ಹಳೆಯದು, ತಿದ್ದಿರಲಿಲ್ಲ. ಸಿಡುಬಿನ ಹುಡುಗಿಯ ಹೆಸರು ಕೂಗಿದಾಗ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ಬಿ ಸೆಕ್ಷನ್ ಹುಡುಗನ ಒಡೆದ ಗಂಟಲು ಕೇಳಿಸಿತು: "ಬಂದಿದೀನಿ ಸಾರ್!"