ಬಡ್ಡಿಯ ಬಡ್ಡಿ

ಎಂಟನೇ ತರಗತಿಯ ಲೆಕ್ಕದ ಪುಸ್ತಕದಲ್ಲಿ ಸರಳ ಬಡ್ಡಿಯೂ ಚಕ್ರಬಡ್ಡಿಯೂ ಅಕ್ಕಪಕ್ಕ ಬರುತ್ತವೆ. ಕುಂದಾಣದಲ್ಲಿ ನಮ್ಮ ಮನೆಗೆ ಸಂಜೆ ಪುಸ್ತಕ ಹಿಡಿದು ಬರುವ ಮಕ್ಕಳ ಲೆಕ್ಕಗಳನ್ನು ತಿದ್ದುವಾಗ, ಕೂಡುವುದು ಗುಣಿಸುವುದರಲ್ಲಿ ತಪ್ಪಿದವರು ನಮಗೆ ಸಿಕ್ಕಿದ್ದು ಕಡಿಮೆ. ಹೆಚ್ಚಿನವರು ಒಂದರ ಸೂತ್ರವನ್ನು ಇನ್ನೊಂದಕ್ಕೆ ಹಾಕಿಕೊಂಡು ಬರುತ್ತಾರೆ. ನಾವು ಉರ್ದುವಿನಲ್ಲಿ ಓದುವಾಗ ಇವಕ್ಕೆ ಸೂದೆ ಮುಫ್ರದ್, ಸೂದೆ ಮುರಕ್ಕಬ್ ಎಂಬ ಹೆಸರುಗಳಿದ್ದವು. ಮುರಕ್ಕಬ್ ಎಂದರೆ ಒಂದರೊಳಗೆ ಒಂದು ಸೇರಿದ್ದು. ವಿಷಯವೆಲ್ಲ ಆ ಹೆಸರಿನಲ್ಲೇ ಇದೆ. ಚಕ್ರಬಡ್ಡಿಯಲ್ಲಿ ಈ ವರ್ಷದ ಬಡ್ಡಿ ಅಸಲಿನೊಳಗೆ ಸೇರಿಬಿಡುತ್ತದೆ, ಮುಂದಿನ ವರ್ಷ ಅದೂ ಅಸಲಾಗುತ್ತದೆ.

ಒಂದೇ ಲೆಕ್ಕ ತೆಗೆದುಕೊಳ್ಳೋಣ. 20,000 ರೂಪಾಯಿಗೆ ವರ್ಷಕ್ಕೆ ಶೇಕಡಾ 10ರಂತೆ 3 ವರ್ಷದ ಚಕ್ರಬಡ್ಡಿ ಎಷ್ಟು? ಈ ಲೆಕ್ಕಕ್ಕೆ ಮೂರು ಬಗೆಯ ತಪ್ಪು ಉತ್ತರಗಳನ್ನು ನಾವು ಮತ್ತೆ ಮತ್ತೆ ನೋಡಿದ್ದೇವೆ. ಮೊದಲನೆಯದು 6,000. ಇದು PRT/100 ಎಂಬ ಸರಳ ಬಡ್ಡಿಯ ಸೂತ್ರದಿಂದ ಬಂದದ್ದು. ಎರಡನೆಯದು 26,620. P(1 + R/100)^n ಎಂಬ ಸೂತ್ರವನ್ನು ಸರಿಯಾಗಿಯೇ ಹಾಕಿದ್ದಾರೆ, ಆದರೆ ಅದು ಕೊಡುವುದು ಅಸಲು ಬಡ್ಡಿ ಎರಡೂ ಸೇರಿದ ಮೊತ್ತವನ್ನು. ಅದರಿಂದ ಅಸಲು ಕಳೆಯುವುದನ್ನು ಮರೆತಿದ್ದಾರೆ. ಸರಳ ಬಡ್ಡಿಯ ಸೂತ್ರ ನೇರವಾಗಿ ಬಡ್ಡಿಯನ್ನೇ ಕೊಡುವುದರಿಂದ ಇದೂ ಹಾಗೆಯೇ ಎಂದುಕೊಳ್ಳುತ್ತಾರೆ. ಮೂರನೆಯದು 43,940. ಇಲ್ಲಿ ಹುಡುಗ ಎರಡು ಸೂತ್ರಗಳನ್ನು ಬೆರೆಸಿದ್ದಾನೆ. ಹತ್ತನ್ನು ಮೂರರಿಂದ ಗುಣಿಸಿ ಮೂವತ್ತು ಮಾಡಿಕೊಂಡು, ಅದನ್ನು ಆವರಣದೊಳಗೆ ಇಟ್ಟು, ಮೇಲೆ ಮತ್ತೆ ಮೂರರ ಘಾತ ಹಾಕಿದ್ದಾನೆ. ಅವಧಿಯನ್ನು ಎರಡು ಸಲ ಎಣಿಸಿದಂತಾಯಿತು.

ತಿದ್ದುವಾಗ ನಾವು ಸೂತ್ರಕ್ಕೆ ಹೋಗುವುದಿಲ್ಲ, ವರ್ಷಕ್ಕೊಂದು ಸಾಲು ಬರೆಸುತ್ತೇವೆ. ಮೊದಲ ವರ್ಷದ ಬಡ್ಡಿ 2,000, ಮೊತ್ತ 22,000. ಎರಡನೇ ವರ್ಷ 22,000ಕ್ಕೆ ಬಡ್ಡಿ 2,200, ಮೊತ್ತ 24,200. ಮೂರನೇ ವರ್ಷ 2,420, ಮೊತ್ತ 26,620. ಅಂದರೆ ಚಕ್ರಬಡ್ಡಿ 6,620. ಈ ಮೂರು ಸಾಲು ಬರೆದವನಿಗೆ ಎರಡು ವಿಷಯ ತಾನಾಗಿ ಕಾಣುತ್ತದೆ. ಮೊದಲ ವರ್ಷ ಸರಳ ಬಡ್ಡಿಗೂ ಚಕ್ರಬಡ್ಡಿಗೂ ವ್ಯತ್ಯಾಸವೇ ಇಲ್ಲ. ವರ್ಷಕ್ಕೊಮ್ಮೆ ಬಡ್ಡಿ ಕಟ್ಟುವ ಲೆಕ್ಕದಲ್ಲಿ ಒಂದೇ ವರ್ಷಕ್ಕೆ ಎರಡು ಬೇರೆ ಉತ್ತರ ಬಂದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ಇನ್ನು 6,620 ಮತ್ತು 6,000ದ ನಡುವಿನ 620 ಎಲ್ಲಿಂದ ಬಂತು? ಎರಡನೇ ವರ್ಷ, ಮೊದಲ ವರ್ಷದ 2,000ಕ್ಕೆ ಬಿದ್ದ ಬಡ್ಡಿ 200. ಮೂರನೇ ವರ್ಷ, ಅಲ್ಲಿಯವರೆಗೆ ಸೇರಿದ 4,200ಕ್ಕೆ ಬಿದ್ದ ಬಡ್ಡಿ 420. ಎರಡೂ ಸೇರಿ 620. ವ್ಯತ್ಯಾಸವನ್ನು ಹೀಗೆ ಬಿಡಿಸಿ ಹೇಳಬಲ್ಲ ಮಗುವಿಗೆ ಚಕ್ರಬಡ್ಡಿ ಅರ್ಥವಾಗಿದೆ ಎಂದು ನಾವು ತಿಳಿಯುತ್ತೇವೆ. 43,940ರಂಥ ಉತ್ತರವನ್ನಂತೂ ಕಣ್ಣಳತೆಯಲ್ಲೇ ಹಿಡಿಯಬಹುದು. ಶೇಕಡಾ 10ರ ಚಕ್ರಬಡ್ಡಿಯಲ್ಲಿ ಹಣ ಎರಡರಷ್ಟಾಗಲು ಏಳು ವರ್ಷ ದಾಟಬೇಕು, ಮೂರೇ ವರ್ಷಕ್ಕೆ ಆಗದು.

ಶೇಕಡಾ ಏರಿಳಿತದ ಲೆಕ್ಕಗಳಲ್ಲಿ ಆಗುವ ತಪ್ಪಿನ ಬೇರೂ ಇದೇ. ನಮ್ಮ ದೇವನಹಳ್ಳಿ ಸೀಮೆಯ ಮಕ್ಕಳಿಗೆ ರೇಷ್ಮೆಗೂಡಿನ ಉದಾಹರಣೆ ಕೊಟ್ಟರೆ ಬೇಗ ತಿಳಿಯುತ್ತದೆ. ಕಿಲೋಗೆ 500 ರೂಪಾಯಿ ಇದ್ದ ಗೂಡು ಶೇಕಡಾ 20 ಇಳಿಯಿತು, ಆಮೇಲೆ ಶೇಕಡಾ 20 ಏರಿತು, ಈಗ ಎಷ್ಟು ಎಂದು ಕೇಳಿದರೆ ಹೆಚ್ಚಿನವರು 500 ಎನ್ನುತ್ತಾರೆ. ಇಳಿದದ್ದು 500ರ ಮೇಲೆ ಲೆಕ್ಕ, ಆದ್ದರಿಂದ 400 ಆಯಿತು. ಏರಿದ್ದು 400ರ ಮೇಲೆ ಲೆಕ್ಕ, ಆದ್ದರಿಂದ 480. ಮತ್ತೆ 500 ಆಗಬೇಕಾದರೆ ಶೇಕಡಾ 25 ಏರಬೇಕು. ಶೇಕಡಾಗಳನ್ನು ಹಾಗೆಯೇ ಕೂಡಿ ಕಳೆಯುವುದು ಸರಳ ಬಡ್ಡಿಯ ಅಭ್ಯಾಸ. ಅಲ್ಲಿ ಅಸಲು ಕದಲುವುದಿಲ್ಲ, ಆದ್ದರಿಂದ ಕೂಡಿದರೆ ನಡೆಯುತ್ತದೆ. ಅಸಲು ಕದಲುವ ಕಡೆ ಗುಣಿಸಬೇಕು. ಆದ್ದರಿಂದ ಯಾವ ಲೆಕ್ಕ ಬಂದರೂ ನಾವು ಮೊದಲು ಕೇಳಿಸುವ ಪ್ರಶ್ನೆ ಒಂದೇ: ಈ ಶೇಕಡಾ ಯಾವುದರ ಮೇಲೆ?

ಪ್ರಶ್ನೆ ಕೇಳಿದ ಮೇಲೆ ಉತ್ತರ ಹುಡುಕುವುದೂ ಕಷ್ಟವಲ್ಲ. ಬಡ್ಡಿ ಪ್ರತಿ ಸಲ ಕೈಗೆ ಬಂದು ಹೊರಟುಹೋಗುತ್ತದೋ ಅಥವಾ ಅಲ್ಲೇ ಉಳಿದು ಅಸಲಿಗೆ ಸೇರುತ್ತದೋ ಎಂದು ನೋಡಬೇಕು. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಬಡ್ಡಿ ತಿಂಗಳು ತಿಂಗಳು ಹೊರಗೆ ಬರುತ್ತದೆ, ಅಸಲು ಇದ್ದಷ್ಟೇ ಇರುತ್ತದೆ. ಅದು ಸರಳ ಬಡ್ಡಿಯ ದಾರಿ. ಬಡ್ಡಿ ಒಳಗೇ ಉಳಿದರೆ ಚಕ್ರಬಡ್ಡಿ.

ಈ ವ್ಯತ್ಯಾಸ ಒಮ್ಮೆ ಇಡೀ ದೇಶದ ಲೆಕ್ಕವಾಗಿತ್ತು. 2020ರಲ್ಲಿ ಕೊರೋನಾ ಬಂದಾಗ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಸಾಲದ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು. ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ, ಕಟ್ಟದ ಬಡ್ಡಿಗೆ ಬಡ್ಡಿ ಬಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಎರಡು ಕೋಟಿವರೆಗಿನ ಸಾಲಗಳಿಗೆ ಆ ಆರು ತಿಂಗಳ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ತಾನೇ ಕೊಡುವುದಾಗಿ ಹೇಳಿತು. 2021ರ ಮಾರ್ಚ್‌ನಲ್ಲಿ ನ್ಯಾಯಾಲಯ ಆ ಅವಧಿಗೆ ಬಡ್ಡಿಯ ಮೇಲಿನ ಬಡ್ಡಿ ಯಾರಿಂದಲೂ ಕೂಡದು ಎಂದಿತು. ಲೆಕ್ಕ ಮಾಡಿ ನೋಡಿ. ಒಂದು ಲಕ್ಷ ಸಾಲ, ವರ್ಷಕ್ಕೆ ಶೇಕಡಾ 12, ಅಂದರೆ ತಿಂಗಳಿಗೆ 1. ಆರು ತಿಂಗಳ ಸರಳ ಬಡ್ಡಿ 6,000, ತಿಂಗಳು ತಿಂಗಳು ಕಟ್ಟುವ ಚಕ್ರಬಡ್ಡಿ 6,152. ವ್ಯತ್ಯಾಸ 152 ರೂಪಾಯಿ. ದರ ಕಡಿಮೆ, ಅವಧಿ ಕಡಿಮೆ, ಆದ್ದರಿಂದ ವ್ಯತ್ಯಾಸವೂ ಕಡಿಮೆ.

ದರ ಏರಿದರೆ ಅದು ಹೇಗೆ ಬೆಳೆಯುತ್ತದೆಂಬುದನ್ನು ನಮಗೆ ತೋರಿಸಿದ್ದು ಒಬ್ಬ ಹುಡುಗಿ. ಲೆಕ್ಕ ತಿದ್ದಿಸಿಕೊಂಡು ಹೋದವಳು ಮರುದಿನ ತಾಯಿಯ ಜೊತೆ ಒಂದು ಪ್ರೋನೋಟಿನ ನಕಲು ಹಿಡಿದು ಬಂದಳು. "ಚಾಚಾ, ಇದು ಯಾವ ಬಡ್ಡಿ?" ತಾಯಿ ಕೈಸಾಲವಾಗಿ 20,000 ಪಡೆದಿದ್ದರು, ನೂರಕ್ಕೆ ಮೂರು ರೂಪಾಯಿ. ಮಕ್ಕಳು ಇದನ್ನು ಶೇಕಡಾ 3 ಎಂದು ಬರೆದುಬಿಡುತ್ತಾರೆ, ಆದರೆ ಬಾಯಿಮಾತಿನ ಮೂರು ರೂಪಾಯಿ ತಿಂಗಳ ಲೆಕ್ಕ. ವರ್ಷಕ್ಕೆ ಅದು ಶೇಕಡಾ 36. ವರ್ಷ ತುಂಬಿದಾಗ ಬಡ್ಡಿ 7,200 ಕೊಡಲಾಗಲಿಲ್ಲ. ಸಾಲ ಕೊಟ್ಟವರು ಹಳೆಯ ಪತ್ರ ಹರಿದು 27,200ಕ್ಕೆ ಹೊಸ ಪತ್ರ ಬರೆಸಿಕೊಂಡರು. "ಬಡ್ಡಿ ಅಷ್ಟೇ ಭಯ್ಯಾ, ಮೂರೇ ರೂಪಾಯಿ, ಹೆಚ್ಚಿಸಲಿಲ್ಲ" ಎಂದರು ಆಕೆ. ದರ ಹೆಚ್ಚಲಿಲ್ಲ, ನಿಜ. ಹೆಚ್ಚಿದ್ದು ಅಸಲು. ಹುಡುಗಿ ನಮ್ಮ ಮುಂದೆಯೇ ಎರಡು ಸಾಲು ಬರೆದಳು. ಎರಡನೇ ವರ್ಷದ ಬಡ್ಡಿ 9,792, ಒಟ್ಟು 36,992. ಸರಳ ಬಡ್ಡಿಯಾಗಿದ್ದರೆ 34,400. ನಡುವಿನ 2,592 ರೂಪಾಯಿ, ಮೊದಲ ವರ್ಷದ 7,200ಕ್ಕೆ ಬಿದ್ದ ಬಡ್ಡಿ. ಪತ್ರದಲ್ಲಿ ಚಕ್ರಬಡ್ಡಿ ಎಂಬ ಪದ ಎಲ್ಲಿಯೂ ಇರಲಿಲ್ಲ. ಪತ್ರ ಹೊಸದಾಗಿ ಬರೆದದ್ದೇ ಚಕ್ರಬಡ್ಡಿ.

ಬಡ್ಡಿಯೇ ಹರಾಮ್ ಆದ ಮೇಲೆ ಮಕ್ಕಳಿಗೆ ಈ ಲೆಕ್ಕ ಯಾಕೆ ಎಂದು ನಮ್ಮಲ್ಲಿ ಕೆಲವರು ಕೇಳುವುದುಂಟು. ಆಲಿ ಇಮ್ರಾನ್ ಅಧ್ಯಾಯದ 130ನೇ ವಚನ ಬಡ್ಡಿಯನ್ನು ನಿಷೇಧಿಸುವಾಗ ಅದು ಇಮ್ಮಡಿ ಮುಮ್ಮಡಿಯಾಗಿ ಬೆಳೆಯುವುದನ್ನೇ ಎತ್ತಿ ಹೇಳುತ್ತದೆ. ಆ ಬೆಳೆಯುವಿಕೆ ಏನೆಂದು ಸಂಖ್ಯೆಯಲ್ಲಿ ತೋರಿಸುವುದು ಇದೇ ಪಾಠ. ಕರ್ನಾಟಕದಲ್ಲಿ ವಿಪರೀತ ಬಡ್ಡಿಯನ್ನು ನಿಷೇಧಿಸುವ ಕಾಯ್ದೆ 2004ರಿಂದಲೂ ಇದೆ. ಆದರೆ ದೂರು ಕೊಡುವವರು ಮೂಲ ಅಸಲು ಎಷ್ಟು, ಅದಕ್ಕೆ ಸೇರಿಸಿದ್ದು ಎಷ್ಟು ಎಂದು ಬಿಡಿಸಿ ಹೇಳಬೇಕು. ಹಳೆಯ ಪತ್ರ ಹರಿದುಹೋಗಿದ್ದರೆ ಆ ಅಂಕಿ ಎಲ್ಲಿಯೂ ಸಿಗದು. ಆ ತಾಯಿಗೆ ನಾವು ಹೇಳಿದ್ದು ಇಷ್ಟೇ: ಇನ್ನು ಮುಂದೆ ಯಾರು ಪತ್ರ ಬದಲಿಸಿದರೂ ಹಳೆಯದರ ನಕಲು ಮನೆಯಲ್ಲಿರಲಿ, ಅದರ ಹಿಂದೆ ಮಗಳ ಕೈಯಲ್ಲಿ ವರ್ಷಕ್ಕೊಂದು ಸಾಲು ಬರೆಸಿಡಿ.