ಒಂದೂವರೆ ಪಟ್ಟು ವೇಗ ಏನು ಹೇಳುತ್ತದೆ?

ನಮಗೆ ಪರಿಚಯದ ಗಣಿತ ಮೇಷ್ಟ್ರೊಬ್ಬರು ಹತ್ತನೇ ತರಗತಿಯ ಪಾಠಗಳನ್ನು ಯೂಟ್ಯೂಬ್‌ಗೆ ಹಾಕುತ್ತಾರೆ. ಮಕ್ಕಳು ಅವನ್ನು 1.5 ವೇಗದಲ್ಲಿ ಓಡಿಸಿ ನೋಡುತ್ತಾರೆಂದು ತಿಳಿದು ಅವರಿಗೆ ಬೇಸರವಾಯಿತು. "ಹಾಗಾದ್ರೆ ನಾನು ಎಳೀತಿದೀನಿ. ಎಲ್ಲಾ ಪಾಠನೂ ಬೇಗ ಬೇಗ ಹೇಳಿ ಮತ್ತೆ ರೆಕಾರ್ಡ್ ಮಾಡ್ತೀನಿ" ಎಂದರು. ಒಂದು ವಾರ ತಡೀರಿ ಸರ್ ಎಂದೆವು.

ವರ್ಗ ಸಮೀಕರಣದ 30 ನಿಮಿಷದ ಒಂದು ಪಾಠವನ್ನು ಆರಿಸಿಕೊಂಡೆವು. ನೋಡುವ ಕೆಲವು ಮಕ್ಕಳಿಗೆ ಒಂದೇ ಕೆಲಸ ಕೊಟ್ಟೆವು: ವೇಗ ಬದಲಿಸಿದಾಗ, ನಿಲ್ಲಿಸಿದಾಗ, ಹಿಂದಕ್ಕೆ ಹೋದಾಗ ಅದು ಎಷ್ಟನೇ ನಿಮಿಷ, ಯಾಕೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಒಬ್ಬ ಹುಡುಗಿಯ ಲೆಕ್ಕ ಹೀಗಿತ್ತು. ಮೊದಲ 12 ನಿಮಿಷ ಮೇಷ್ಟ್ರು ಹಿಂದಿನ ಪಾಠ ನೆನಪಿಸಿ, ಪ್ರಶ್ನೆಗಳನ್ನು ಓದಿ ಬೋರ್ಡಿಗೆ ಬರೆಯುತ್ತಾರೆ. ಅದನ್ನು 1.5 ವೇಗದಲ್ಲಿ 8 ನಿಮಿಷಕ್ಕೆ ಮುಗಿಸಿದ್ದಾಳೆ. ಮುಂದಿನ 4 ನಿಮಿಷ ಸೂತ್ರ ಹುಟ್ಟುವ ಬಗೆ. ಅಲ್ಲಿ ಮಾಮೂಲಿ ವೇಗಕ್ಕೆ ಇಳಿದು ಮೂರು ಸಲ ನೋಡಿದ್ದಾಳೆ, ಅಂದರೆ 12 ನಿಮಿಷ. ಪಕ್ಕದಲ್ಲಿ ಬರೆದದ್ದು: "(b/2a)² ಎಲ್ಲಿಂದ ಬಂತು?" ಉಳಿದ 14 ನಿಮಿಷದ ಲೆಕ್ಕಗಳು ಮತ್ತೆ 1.5 ವೇಗದಲ್ಲಿ, ಸುಮಾರು 9 ನಿಮಿಷ.

ಒಟ್ಟು ಕೂಡಿ: 29 ನಿಮಿಷ. 30 ನಿಮಿಷದ ಪಾಠಕ್ಕೆ 29 ನಿಮಿಷ. ಮೊತ್ತ ಮಾತ್ರ ನೋಡಿದವರು ಪಾಠದ ವೇಗ ಸರಿಯಾಗಿಯೇ ಇದೆ ಅನ್ನುತ್ತಾರೆ. 1.5 ಮಾತ್ರ ನೋಡಿದವರು ನಿಧಾನ ಅನ್ನುತ್ತಾರೆ. ನಿಜ ಏನೆಂದರೆ ಒಂದೇ ಪಾಠ ಒಂದು ಕಡೆ ತೆಳು, ಇನ್ನೊಂದು ಕಡೆ ದಟ್ಟ. ಎಲ್ಲವನ್ನೂ ಬೇಗ ಹೇಳಿದ್ದರೆ ಆ 4 ನಿಮಿಷ ಇನ್ನೂ ಬಿಗಿಯಾಗುತ್ತಿತ್ತು.

ವೇಗದ ಗುಂಡಿಯನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಗೊತ್ತಿರುವ ಪಾಠವನ್ನೇ ಮಕ್ಕಳು ಓಡಿಸುತ್ತಾರೆ. ಅಪ್ಪ ಮನೆಗೆ ಬಂದ ಮೇಲೆ ಒಂದು ಗಂಟೆ ಮಾತ್ರ ಫೋನ್ ಸಿಗುವವರು ಸಮಯ ಉಳಿಸಲು ಓಡಿಸುತ್ತಾರೆ. ಮಾಮೂಲಿ ವೇಗದಲ್ಲಿ ನೋಡುವವರಲ್ಲಿ ಕೆಲವರಿಗೆ ಆ ಗುಂಡಿ ಇರುವುದೇ ಗೊತ್ತಿರುವುದಿಲ್ಲ. ಅದಕ್ಕೇ ವೇಗದ ಜೊತೆ ಹಿಂದಕ್ಕೆ ಹೋದ ಜಾಗವನ್ನೂ ಕಾರಣವನ್ನೂ ಸೇರಿಸಿ ಓದಬೇಕು. ಹಲವರು ಒಂದೇ ಜಾಗದಲ್ಲಿ ಹಿಂದೆ ಹೋದರೆ ಪಾಠ ಅಲ್ಲಿ ದಟ್ಟವಾಗಿದೆ. ಒಬ್ಬರೇ ಹೋದರೆ ಕರೆಂಟ್ ಹೋಗಿರಬಹುದು, ಯಾರೋ ಕರೆದಿರಬಹುದು.

0.75ಕ್ಕೆ ಇಳಿಸಿದವನೊಬ್ಬನಿದ್ದ. ಅದರಿಂದಲೂ ಅವನಿಗೆ ಅರ್ಥವಾಗಲಿಲ್ಲ. ನಿಧಾನ ಮಾಡಿದರೆ ಮಾತು ಎಳೆಯುತ್ತದೆ, ಬಿಟ್ಟುಹೋದ ಹೆಜ್ಜೆ ಮಾತ್ರ ಬಂದು ಸೇರುವುದಿಲ್ಲ.

ಮೇಷ್ಟ್ರು ನೋಟ್‌ಬುಕ್ಕುಗಳನ್ನು ತಿರುವಿ ನೋಡಿ, ಎಲ್ಲ ಪಾಠ ಮತ್ತೆ ರೆಕಾರ್ಡ್ ಮಾಡುವುದನ್ನು ಬಿಟ್ಟರು. ಈ ಪಾಠದ ಮೊದಲ 12 ನಿಮಿಷವನ್ನು 5ಕ್ಕೆ ಇಳಿಸಿದರು. ಆ 4 ನಿಮಿಷವನ್ನು 10 ಮಾಡಿ, ಮೊದಲು x² + 6x ಎಂಬ ಅಂಕಿಯ ಲೆಕ್ಕ ತೆಗೆದುಕೊಂಡು, 6ರ ಅರ್ಧ 3, ಅದರ ವರ್ಗ 9 ಕೂಡಿಸಿದರೆ (x + 3)² ಆಗುತ್ತದೆಂದು ತೋರಿಸಿದರು. ಅಕ್ಷರಗಳ ಸೂತ್ರ ಆಮೇಲೆ ಬಂತು.