ಗಂಟೆಗೆ ನೂರು ರೂಪಾಯಿ

ತೊಂಬತ್ತರ ದಶಕದ ನಡುವೆ ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ನಾನು ಕಾಸ್ಟ್ ಅಕೌಂಟೆಂಟ್ ಆಗಿದ್ದೆ. ಹೈಡ್ರಾಲಿಕ್ ಪೈಪುಗಳಿಗೆ ಬೇಕಾಗುವ ಅಡಾಪ್ಟರ್, ಕಪ್ಲಿಂಗ್, ವಾಲ್ವ್ ಬ್ಲಾಕ್ ಮಾಡುವ ಕಾರ್ಖಾನೆ ಅದು. ಕರೆಂಟು, ಜನರೇಟರಿನ ಡೀಸೆಲ್, ಮಷಿನ್ ಸವಕಳಿ, ಸೆಟ್ಟರ್‌ಗಳ ಸಂಬಳ, ತಪಾಸಣೆ, ಸ್ಟೋರ್ಸು, ಶೆಡ್ಡಿನ ಬಾಡಿಗೆ, ವಾಚ್‌ಮನ್ ಎಲ್ಲವನ್ನೂ ಒಟ್ಟು ಕೂಡಿ, ಕೆಲಸಗಾರರು ದುಡಿದ ಒಟ್ಟು ಗಂಟೆಗಳಿಂದ ಭಾಗಿಸುತ್ತಿದ್ದೆವು. ಬಂದ ಉತ್ತರ ಗಂಟೆಗೆ ನೂರು ರೂಪಾಯಿ. ಇಡೀ ಕಾರ್ಖಾನೆಗೆ ಅದೊಂದೇ ಓವರ್‌ಹೆಡ್ ದರ. ಜಾಬ್ ಕಾರ್ಡಿನಲ್ಲಿ ಅರ್ಧ ಗಂಟೆ ಎಂದಿದ್ದರೆ ಐವತ್ತು ರೂಪಾಯಿ ಹಾಕು, ಕಾಸ್ಟ್ ಶೀಟ್ ಮುಗಿಸು.

ಅದನ್ನು ದಡ್ಡತನ ಎಂದು ನಾನು ಹೇಳುವುದಿಲ್ಲ. ಲೇತ್ ತಿರುಗಿಸುವವನು ಪಕ್ಕದಿಂದ ಕದಲದೆ ನಿಂತಿರುತ್ತಿದ್ದ ಕಾಲದಲ್ಲಿ, ಮಷಿನ್ ಎಷ್ಟು ಹೊತ್ತು ಓಡಿತು ಎಂಬುದಕ್ಕೆ ಅವನ ಗಂಟೆಯೇ ಸಾಕ್ಷಿಯಾಗಿತ್ತು. ಸಂಬಳದ ಲೆಕ್ಕಕ್ಕಾಗಿ ಆ ಗಂಟೆಯನ್ನು ಹೇಗೂ ಬರೆದಿಡುತ್ತಿದ್ದರು. ವರ್ಷದ ಕೊನೆಗೆ ದಾಸ್ತಾನಿನ ಬೆಲೆ ಕಟ್ಟಲು ಆಡಿಟರಿಗೂ ಅಷ್ಟು ಸಾಕಿತ್ತು. ಒಟ್ಟು ಮೊತ್ತ ಸರಿಯಾಗಿದ್ದರೆ, ಯಾವ ಮಾಲು ಎಷ್ಟು ಹೊತ್ತಿದೆ ಎಂದು ಕೆದಕುವ ಗರಜು ಅವರಿಗಿರಲಿಲ್ಲ.

ಕೆಟ್ಟದ್ದು ಸಿಎನ್‌ಸಿ ಬಂದ ಮೇಲೆ. ಒಬ್ಬ ಆಪರೇಟರ್ ಮೂರು ಮಷಿನ್ ನೋಡಿಕೊಳ್ಳತೊಡಗಿದ. ಒಂದು ಮಾಲು ಮಷಿನ್ ಮೇಲೆ ಒಂದೂವರೆ ಗಂಟೆ ಕೂತರೂ ಕಾರ್ಡಿನಲ್ಲಿ ಬೀಳುತ್ತಿದ್ದದ್ದು ಅರ್ಧ ಗಂಟೆ. ಕೂಲಿ ಗಂಟೆಗೆ ಹದಿನಾರು ರೂಪಾಯಿ, ಅದರ ತಲೆಯ ಮೇಲೆ ಓವರ್‌ಹೆಡ್ ನೂರು. ಹೊರೆ ಇಷ್ಟು ದೊಡ್ಡದಾಗಿ ಹೊರುವ ಕೋಲು ಅಷ್ಟು ಸಣ್ಣದಾದಾಗ ಕೋಲಿನ ಮೇಲೆ ಅನುಮಾನ ಬರಬೇಕಿತ್ತು. ನನಗಿಂತ ಮೊದಲು ಬಂದದ್ದು ಫೋರ್‌ಮನ್‌ಗೆ. “ಸಾರ್, ನಿಮ್ಮ ಶೀಟಲ್ಲಿ ಈ ಬ್ಲಾಕು ಭಾರಿ ಲಾಭ ಅಂತೀರಿ. ಇಪ್ಪತ್ತೈದು ಪೀಸಿಗೋಸ್ಕರ ನಾವು ಅರ್ಧ ದಿನ ಮಷಿನ್ ನಿಲ್ಲಿಸಿ ಸೆಟ್ ಮಾಡ್ತೀವಿ. ಅದೆಲ್ಲಿ ಬಂತು ನಿಮ್ಮ ಲೆಕ್ಕದಲ್ಲಿ?”

ಎಲ್ಲೂ ಬಂದಿರಲಿಲ್ಲ. ಸೆಟ್ಟರನ ಗಂಟೆ ಆ ಬ್ಲಾಕಿನ ಕಾರ್ಡಿಗೆ ಹೋಗದೆ ನೂರು ರೂಪಾಯಿ ಎಂಬ ಹುಂಡಿಗೆ ಬೀಳುತ್ತಿತ್ತು. ಅಲ್ಲಿಂದ ಎಲ್ಲ ಮಾಲಿಗೂ ಹಂಚಿಹೋಗುತ್ತಿತ್ತು.

ಒಂದು ವಿಭಾಗವನ್ನು ಮಾತ್ರ ತೆಗೆದುಕೊಂಡು, ಎರಡೇ ಮಾಲು ಇಟ್ಟು, ಅಂಕಿಗಳನ್ನು ದುಂಡಾಗಿಸಿ ಹೇಳುತ್ತೇನೆ. ಅಡಾಪ್ಟರ್ ವರ್ಷಕ್ಕೆ 40,000. ಎರಡೆರಡು ಸಾವಿರದ ಇಪ್ಪತ್ತು ಲಾಟು. ಒಂದಕ್ಕೆ ಕಾಲು ಗಂಟೆ ಕೂಲಿ, ಹನ್ನೆರಡು ನಿಮಿಷ ಮಷಿನ್. ವಾಲ್ವ್ ಬ್ಲಾಕ್ ವರ್ಷಕ್ಕೆ 2,000. ಇಪ್ಪತ್ತೈದರಂತೆ ಎಂಬತ್ತು ಲಾಟು. ಒಂದಕ್ಕೆ ಅರ್ಧ ಗಂಟೆ ಕೂಲಿ, ಒಂದೂವರೆ ಗಂಟೆ ಮಷಿನ್. ಒಟ್ಟು ಓವರ್‌ಹೆಡ್ 11 ಲಕ್ಷ, ಕೂಲಿಯ ಗಂಟೆ 11,000. ಒಂದೇ ದರದಲ್ಲಿ ಅಡಾಪ್ಟರಿಗೆ 25 ರೂಪಾಯಿ, ಬ್ಲಾಕಿಗೆ 50.

ಈಗ ಆ 11 ಲಕ್ಷವನ್ನು ಬಿಚ್ಚೋಣ. ಮಷಿನ್ ಓಡಿಸುವ ಖರ್ಚು ಐದೂವರೆ ಲಕ್ಷ. ಮಷಿನ್ ಓಡಿದ್ದು ಅಡಾಪ್ಟರಿಗೆ 8,000 ಗಂಟೆ, ಬ್ಲಾಕಿಗೆ 3,000. ಗಂಟೆಗೆ 50 ರೂಪಾಯಿ. ಆಮೇಲೆ ಸೆಟ್ಟಿಂಗಿಗೆ 2,40,000, ಮೊದಲ ಪೀಸಿನ ತಪಾಸಣೆಗೆ 1,20,000, ಸ್ಟೋರ್ಸು ಮತ್ತು ಪ್ಲಾನಿಂಗಿಗೆ 90,000. ಈ ಮೂರೂ ಪೀಸಿನ ಸಂಖ್ಯೆಯಿಂದ ಹುಟ್ಟುವ ಖರ್ಚಲ್ಲ, ಲಾಟು ಶುರುವಾದಾಗಲೆಲ್ಲ ಹುಟ್ಟುವ ಖರ್ಚು. ಸೆಟ್ಟಿಂಗಿಗೆ ಎರಡೂ ಮಾಲು ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿಯುತ್ತಿದ್ದುದರಿಂದ ಎಷ್ಟು ಸಲ ಎಂದು ಎಣಿಸಿದರೆ ಸಾಕಿತ್ತು. ಹೊತ್ತು ಬೇರೆ ಬೇರೆಯಾದರೆ ಸಲ ಎಣಿಸಿ ಪ್ರಯೋಜನವಿಲ್ಲ, ಗಂಟೆಯನ್ನೇ ಹಿಡಿಯಬೇಕು. ನೂರು ಲಾಟಿಗೆ ನಾಲ್ಕೂವರೆ ಲಕ್ಷ, ಅಂದರೆ ಲಾಟಿಗೆ 4,500. ಉಳಿದ ಒಂದು ಲಕ್ಷ ಬಾಡಿಗೆ, ವಾಚ್‌ಮನ್, ಮ್ಯಾನೇಜರ್. ಅದಕ್ಕೆ ಯಾವ ಮಾಲೂ ಕಾರಣವಲ್ಲ.

ಆ 4,500 ಅಡಾಪ್ಟರಿನ ಎರಡು ಸಾವಿರಕ್ಕೆ ಹಂಚಿದರೆ ಒಂದಕ್ಕೆ ಎರಡೂಕಾಲು ರೂಪಾಯಿ. ಬ್ಲಾಕಿನ ಇಪ್ಪತ್ತೈದಕ್ಕೆ ಹಂಚಿದರೆ 180. ಮಷಿನ್ ಖರ್ಚು ಸೇರಿಸಿದಾಗ ಅಡಾಪ್ಟರಿನ ಓವರ್‌ಹೆಡ್ 12 ರೂಪಾಯಿ 25 ಪೈಸೆ, ಬ್ಲಾಕಿನದು 255 ರೂಪಾಯಿ. ಉಳಿದ ಲಕ್ಷವನ್ನು ಹಳೆಯ ರೀತಿಯಲ್ಲೇ ಹಂಚಿದರೂ 14 ರೂಪಾಯಿ 50 ಪೈಸೆಯ ಆಸುಪಾಸು ಮತ್ತು 260ಕ್ಕೆ ಸ್ವಲ್ಪ ಕಡಿಮೆ. ಐವತ್ತು ಎಂದುಕೊಂಡಿದ್ದು ಐದು ಪಟ್ಟಾಗಿತ್ತು. 180 ರೂಪಾಯಿಗೆ ಮಾರುತ್ತಿದ್ದ ಬ್ಲಾಕಿನ ಅಸಲು, 90ರ ಕಚ್ಚಾ ಮಾಲು ಮತ್ತು 8ರ ಕೂಲಿ ಸೇರಿ, 350 ದಾಟಿತ್ತು. ಗಿರಾಕಿಗಳು ನಮ್ಮ ಬ್ಲಾಕನ್ನು ಯಾಕೆ ಅಷ್ಟು ಹೊಗಳುತ್ತಿದ್ದರು ಎಂಬುದು ಆಮೇಲೆ ಅರ್ಥವಾಯಿತು.

ಇದು ನಮ್ಮೊಬ್ಬರ ಕತೆಯಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ರಾಬಿನ್ ಕೂಪರ್, ರಾಬರ್ಟ್ ಕಪ್ಲಾನ್ ಎಂಬತ್ತರ ದಶಕದಲ್ಲಿ ಇಂಥದನ್ನೇ ಬರೆದರು. ಅಮೆರಿಕದ ಅಯೋವಾ ರಾಜ್ಯದ ಜಾನ್ ಡಿಯರ್ ಬಿಡಿಭಾಗಗಳ ಘಟಕ ಅವರ ಹೆಸರಾಂತ ಉದಾಹರಣೆ. ದೊಡ್ಡ ಸಂಖ್ಯೆಯ ಬಿಡಿಭಾಗಗಳ ಟೆಂಡರಿನಲ್ಲಿ ಸೋತು, ಸಣ್ಣ ಸಂಖ್ಯೆಯವನ್ನು ಗೆದ್ದುಕೊಳ್ಳುತ್ತಿದ್ದ ಘಟಕ ಅದು. ಆಕ್ಟಿವಿಟಿ ಬೇಸ್ಡ್ ಕಾಸ್ಟಿಂಗ್ ಎಂಬ ಹೆಸರು ನಮ್ಮ ಪೀಣ್ಯಕ್ಕೆ ಬರುವ ಹೊತ್ತಿಗೆ ನಮ್ಮ ಸೇಲ್ಸಿನವರೂ ಅದೇ ದಾರಿಯಲ್ಲಿದ್ದರು. ಅಡಾಪ್ಟರಿಗೆ ನಾವು 49 ಅಸಲು ಎನ್ನುತ್ತಿದ್ದಾಗ ಎದುರಾಳಿ 44ಕ್ಕೆ ಮಾರುತ್ತಿದ್ದ. ಅವನು ಕಳಪೆ ಕಬ್ಬಿಣ ಹಾಕುತ್ತಾನೆ ಎಂದು ನಮ್ಮಲ್ಲಿ ಮಾತಿತ್ತು. ನಮ್ಮ ನಿಜವಾದ ಅಸಲೇ 39ಕ್ಕೂ ಕಡಿಮೆ. ಕಬ್ಬಿಣ ಚೆನ್ನಾಗಿಯೇ ಇತ್ತು.

ಲೆಕ್ಕ ಬಿಚ್ಚದೆ ಹೋದರೆ ಏನಾಗುತ್ತದೆ ಎಂಬುದನ್ನೂ ಒಂದು ವರ್ಷ ನೋಡಿದೆವು. ಅಡಾಪ್ಟರ್ ಆರ್ಡರು ಅರ್ಧಕ್ಕಿಳಿಯಿತು. ಕೂಲಿಯ ಗಂಟೆ 6,000ಕ್ಕೆ ಬಂತು, ಆದರೆ ಓವರ್‌ಹೆಡ್ 9 ಲಕ್ಷಕ್ಕಿಂತ ಕೆಳಗೆ ಇಳಿಯಲಿಲ್ಲ. ದರ ಗಂಟೆಗೆ 150 ಆಯಿತು. ಅಡಾಪ್ಟರಿನ ಕಾಸ್ಟ್ ಶೀಟ್ ಅಸಲು 61 ದಾಟಿತು, ಅಂದರೆ ಮೊದಲೇ ಸೋಲುತ್ತಿದ್ದ ಮಾಲು ಇನ್ನಷ್ಟು ಸೋಲುವ ಏರ್ಪಾಡು. ಆ ಕಾಗದ ಕಂಡು ಮಾಲೀಕರು, “ಅಡಾಪ್ಟರ್ ನಿಲ್ಲಿಸಿಬಿಡೋಣ, ಬ್ಲಾಕು ಹೆಚ್ಚು ಮಾಡೋಣ” ಎಂದರು. ಆಗಲೇ ಬಿಚ್ಚಿದ ಲೆಕ್ಕವನ್ನು ಅವರ ಮುಂದೆ ಇಟ್ಟದ್ದು.

ಅವರು ಕೇಳಿದ ಪ್ರಶ್ನೆ ನನ್ನ ಪುಸ್ತಕಗಳಿಗಿಂತ ಹರಿತವಾಗಿತ್ತು. “ಎಂಬತ್ತು ಲಾಟನ್ನು ನಲವತ್ತು ಮಾಡಿದರೆ ನಲವತ್ತು ಸಲ 4,500 ಉಳಿಯುತ್ತೆ ಅಂತೀರಲ್ಲ ರೀ, ಸೆಟ್ಟರ್ ಸಂಬಳ ಏನು ಕಡಿಮೆ ಆಗುತ್ತಾ?” ಆಗುವುದಿಲ್ಲ. ಎಬಿಸಿ ಹೇಳುವುದು ಯಾವ ಮಾಲು ಎಷ್ಟು ಸಾಮರ್ಥ್ಯ ತಿನ್ನುತ್ತದೆ ಎಂಬುದನ್ನು. ಉಳಿಸಿದ ಸೆಟ್ಟರನ ಗಂಟೆಗೆ ಬೇರೆ ಕೆಲಸ ಕೊಟ್ಟರೆ, ಇಲ್ಲವೇ ಓವರ್‌ಟೈಮ್ ಕಡಿದರೆ ಮಾತ್ರ ಅದು ದುಡ್ಡಾಗುತ್ತದೆ. ಲಾಟು ಐವತ್ತಕ್ಕೇರಿಸಿದರೆ ಬ್ಲಾಕಿನ 180 ರೂಪಾಯಿ 90ಕ್ಕೆ ಇಳಿಯುವುದು ಕಾಗದದ ಮೇಲೆ. ಮಿಕ್ಕ ಇಪ್ಪತ್ತೈದು ಬ್ಲಾಕು ರ್‍ಯಾಕಿನಲ್ಲಿ ಧೂಳು ತಿನ್ನುತ್ತ ಕೂರುವುದು ನಿಜವಾಗಿ.

ಇನ್ನೂ ಎರಡು ಹುಳುಕು ಇದ್ದವು. ಸಿಎನ್‌ಸಿಯ ಗಂಟೆಗೂ ಹಳೆಯ ಕ್ಯಾಪ್‌ಸ್ಟನ್ ಲೇತಿನ ಗಂಟೆಗೂ ಅದೇ 50 ರೂಪಾಯಿ ಹಾಕಿದ್ದು ಇನ್ನೊಂದು ಸರಾಸರಿಯೇ; ಬೇರ್ಪಡಿಸಿದಾಗ ಬ್ಲಾಕು ಮತ್ತಷ್ಟು ತುಟ್ಟಿಯಾಯಿತು. ಎರಡನೆಯದು ತಪಾಸಣೆಯದು. ನೀವು ಏನೇನು ಮಾಡುತ್ತೀರಿ ಎಂದು ಜನರನ್ನು ಕೇಳಿದರೆ ಎಲ್ಲರೂ ತಮ್ಮ ಹೊತ್ತನ್ನು ಪೂರ್ತಿ ನೂರು ಪರ್ಸೆಂಟ್ ಹಂಚಿ ಹೇಳುತ್ತಾರೆ. ಸುಮ್ಮನೆ ಕೂತಿದ್ದೆ ಎಂದು ಯಾರೂ ಬರೆಸುವುದಿಲ್ಲ. ತಪಾಸಣೆಯಲ್ಲಿ ವರ್ಷಕ್ಕೆ ಸಿಗುವ ದುಡಿಮೆಯ ಹೊತ್ತು 1,600 ಗಂಟೆ ಎಂದುಕೊಳ್ಳಿ, ಲಾಟಿಗೆ ಹಿಡಿಯುವುದು ಹತ್ತು ಗಂಟೆ. ನೂರು ಲಾಟಿಗೆ 1,000 ಗಂಟೆ ಸಾಕು. 1,20,000ವನ್ನು ಸಿಗುವ ಹೊತ್ತಿನಿಂದ ಭಾಗಿಸಿದರೆ ಗಂಟೆಗೆ 75, ಲಾಟಿಗೆ 750. ನಾನು ಮೊದಲು ಹಾಕಿದ್ದ 1,200 ಅಲ್ಲ. ಉಳಿದ 45,000 ಬಳಸದೆ ಬಿಟ್ಟ ಹೊತ್ತಿನ ಬೆಲೆ, ಅದು ಬ್ಲಾಕಿನ ಪಾಪವಲ್ಲ. ಕಪ್ಲಾನ್ ಮತ್ತು ಸ್ಟೀವನ್ ಆಂಡರ್ಸನ್ 2004ರಲ್ಲಿ ಹೊತ್ತನ್ನೇ ಅಳತೆಗೋಲಾಗಿಸಿ ತಿದ್ದಿ ಬರೆದದ್ದು ಈ ತೊಡಕಿನ ಸುತ್ತಲೇ.

ಅದೇ ಕಾರ್ಖಾನೆಯ ಇಂಟರ್ನಲ್ ಆಡಿಟ್ ಕೆಲಸಕ್ಕೆ ಈಗಲೂ ಹೋಗುತ್ತಿರುತ್ತೇನೆ. ಜಾಬ್ ಕಾರ್ಡ್ ಇಲ್ಲ, ಇಆರ್‌ಪಿ ಇದೆ, ಪ್ರತಿ ಮಷಿನ್‌ಗೂ ಬೇರೆ ದರ ಇದೆ. ನೋಡಲು ಎಲ್ಲ ಸೂಕ್ಷ್ಮ. ಆದರೆ ಸೆಟ್ಟಿಂಗ್ ಹೊತ್ತಿನ ಕಲಂನಲ್ಲಿ ಎಷ್ಟೋ ಪಾರ್ಟ್‌ಗಳಿಗೆ ಒಂದೇ ಅಂಕಿ ಕೂತಿತ್ತು: ಸಿಸ್ಟಮ್ ಹಾಕಿದ ದಿನ ಯಾರೋ ತುಂಬಿದ್ದು. ಕಂಪ್ಯೂಟರಿನ ಒಳಗೆ ಕೂತ ಒಂದೇ ದರ ಎಂದರೆ ಇದೇ. ಕಾಸ್ಟಿಂಗ್ ನೋಡುವ ಹೆಣ್ಣುಮಗಳು ಶಾಪಿಗೆ ಇಳಿದು ಗಡಿಯಾರ ಹಿಡಿದು ನಿಂತ ಮೇಲೆ ಗೊತ್ತಾದದ್ದು, ಟೂಲುಗಳನ್ನು ಮೊದಲೇ ಅಳೆದಿಟ್ಟುಕೊಳ್ಳುವುದರಿಂದ ಅರ್ಧ ದಿನದ ಸೆಟ್ಟಿಂಗ್ ಈಗ ಮುಕ್ಕಾಲು ಗಂಟೆಯ ಕೆಲಸ ಎಂದು. ಹಳೆಯ ಲಾಟಿನ ದರವನ್ನು ಹಾಗೆಯೇ ಬಿಟ್ಟಿದ್ದರೆ ಸಣ್ಣ ಆರ್ಡರುಗಳನ್ನು ಸುಮ್ಮನೆ ಓಡಿಸಿಬಿಡುತ್ತಿದ್ದೆವು.

ಖರ್ಚು ಮಾಯವಾಗಿಲ್ಲ, ಜಾಗ ಬದಲಿಸಿದೆ. ಈಗ ಅದು ಲಾಟು ಬಿಟ್ಟು ಪಾರ್ಟ್ ನಂಬರಿಗೆ ಅಂಟಿಕೊಂಡಿದೆ. ಹೊಸ ಪಾರ್ಟ್ ಬಂತೆಂದರೆ ಪ್ರೋಗ್ರಾಮ್ ಬರೆಯಬೇಕು, ಫಿಕ್ಸ್ಚರ್ ಮಾಡಬೇಕು, ಗಿರಾಕಿ ಕೇಳಿದ ತಪಾಸಣೆಯ ಕಡತ ಕಟ್ಟಬೇಕು, ಡ್ರಾಯಿಂಗ್ ತಿದ್ದಿದಾಗಲೆಲ್ಲ ಅದನ್ನೇ ಮತ್ತೆ ಮಾಡಬೇಕು. ಇಷ್ಟು ಖರ್ಚು ಹತ್ತು ಪೀಸು ಮಾಡಿದರೂ ಅಷ್ಟೇ, ಹತ್ತು ಸಾವಿರ ಮಾಡಿದರೂ ಅಷ್ಟೇ. ಅದನ್ನು ಎಷ್ಟು ವರ್ಷದ ಆರ್ಡರಿನ ಮೇಲೆ ಹಂಚಬೇಕೆಂದು ಯಾವ ಲೆಕ್ಕವೂ ಹೇಳಿಕೊಡುವುದಿಲ್ಲ. ಗಿರಾಕಿ ಮತ್ತೆ ಬರುತ್ತಾನೋ ಇಲ್ಲವೋ ಎಂಬ ಅಂದಾಜೇ ಗತಿ. ಆಕೆ ಅದನ್ನು ಪೀಸಿನ ಬೆಲೆಯೊಳಗೆ ಹುದುಗಿಸದೆ ಕೊಟೇಶನ್ನಿನಲ್ಲಿ ಬೇರೆ ಸಾಲಾಗಿ ಹಾಕುತ್ತಾಳೆ. ಗಿರಾಕಿಯ ಪರ್ಚೇಸ್ ವಿಭಾಗ ಮೊದಲು ಕೈಯಿಡುವುದೂ ಆ ಸಾಲಿನ ಮೇಲೆಯೇ. ತೆಗೆದುಹಾಕಿ ಎಂದರೆ ಆಕೆ ತೆಗೆಯುತ್ತಾಳೆ, ಆದರೆ ಎರಡು ವರ್ಷದ ಪ್ರಮಾಣಕ್ಕೆ ಸಹಿ ಹಾಕಿಸಿಕೊಂಡ ಮೇಲೆ.